ಪರದೇಶದಲ್ಲಿ ಶಿವಾಲಯ: ಆಯದ ಅಳತೆಯೂ ಕಟ್ಟಡ ಸಂಹಿತೆಯೂ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳಿಂದ ಅಮೆರಿಕೆಗೆ ಹೋಗಿ ನೆಲೆಸಿದ ಭಕ್ತರು ಅಲ್ಲಿ ಸಮುದಾಯದ ದೇವಾಲಯವೊಂದನ್ನು ಕಟ್ಟಲು ಮನಸ್ಸು ಮಾಡಿದಾಗ ಅವರ ಕಣ್ಣ ಮುಂದೆ ನಿಲ್ಲುವುದು ಕಿಕ್ಕೇರಿಯ ಬ್ರಹ್ಮೇಶ್ವರ, ಗೋವಿಂದನಹಳ್ಳಿಯ ಪಂಚಲಿಂಗೇಶ್ವರ, ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿಗಳು. ಆ ಗುಡಿಗಳಲ್ಲಿ ನಮಗೆ ಕಾಣುವ ಕೆತ್ತನೆಯ ಕಲ್ಲೇ ಗೋಡೆಯ ಭಾರವನ್ನೂ ಹೊರುತ್ತದೆ. ಸ್ಥಪತಿ ಅಳೆದ ಗೆರೆಯೂ ನಾವು ಮುಟ್ಟುವ ಕಲ್ಲಿನ ಮುಖವೂ ಒಂದೇ. ಪರದೇಶದಲ್ಲಿ ಈ ಎರಡೂ ಬೇರೆಯಾಗುತ್ತವೆ. ತೊಡಕು ಹುಟ್ಟುವುದು ಅಲ್ಲಿಯೇ.

ಎರಡೂ ಒಂದಾಗಿಯೇ ಉಳಿದ ಅಪರೂಪದ ನಿದರ್ಶನವೊಂದು ಹವಾಯಿಯ ಕವಾಯಿ ದ್ವೀಪದಲ್ಲಿದೆ. ಅಲ್ಲಿನ ಇರೈವನ್ ಶಿವಾಲಯದ ಗ್ರಾನೈಟ್ ಶಿಲೆಗಳನ್ನೆಲ್ಲ ಕೈ ಉಳಿಯಿಂದ ಕೆತ್ತಿದ್ದು ನಮ್ಮ ಬೆಂಗಳೂರಿನ ಸಮೀಪದಲ್ಲಿ. 1990ರಲ್ಲಿ ಮೊದಲ ಕಲ್ಲಿಗೆ ಉಳಿ ತಾಗಿದಾಗ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯ ಶ್ರೀ ಬಾಲಗಂಗಾಧರನಾಥ ಸ್ವಾಮೀಜಿಯವರು ಸಾನ್ನಿಧ್ಯ ವಹಿಸಿದ್ದರು. ವಿನ್ಯಾಸ ವಿ. ಗಣಪತಿ ಸ್ಥಪತಿಯವರದು. ಸಾವಿರ ವರ್ಷ ಬಾಳಬೇಕೆಂಬ ಸಂಕಲ್ಪವಿದ್ದುದರಿಂದ ತಳಪಾಯದಲ್ಲಿ ಕಬ್ಬಿಣ ಇರಕೂಡದೆಂಬ ನಿಯಮವಿತ್ತು. ಕಬ್ಬಿಣದ ಸರಳು ತುಕ್ಕು ಹಿಡಿದಾಗ ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಆದರೆ ಸರಳಿಲ್ಲದ ದಪ್ಪ ಕಾಂಕ್ರೀಟು ಸಿಮೆಂಟಿನ ಕಾವಿನಿಂದಲೇ ಬಿರಿಯುವುದುಂಟು. ಬರ್ಕ್ಲಿ ವಿಶ್ವವಿದ್ಯಾಲಯದ ಪ್ರೊ. ಪಿ. ಕುಮಾರ್ ಮೆಹ್ತಾ ಅವರು ಸಿಮೆಂಟಿನ ಅರ್ಧಕ್ಕೂ ಹೆಚ್ಚು ಪಾಲನ್ನು ಹಾರುಬೂದಿಯಿಂದ ತುಂಬಿಸಿ ಆ ಕಾವನ್ನು ತಗ್ಗಿಸಿದರು. 1999ರಲ್ಲಿ ಸುಮಾರು 117 ಅಡಿ ಉದ್ದ, 56 ಅಡಿ ಅಗಲದ ಹಾಸನ್ನು ಎರಡೆರಡು ಅಡಿ ದಪ್ಪದ ಎರಡು ಪದರಗಳಲ್ಲಿ ಎರೆಯಲಾಯಿತು. 2023ರಲ್ಲಿ ಅದರ ಮೇಲೆ ಸ್ಫಟಿಕ ಲಿಂಗದ ಪ್ರತಿಷ್ಠೆ ನೆರವೇರಿತು.

ಈ ಮಾರ್ಗ ಎಲ್ಲರಿಗೂ ಎಲ್ಲೆಡೆಗೂ ಒದಗುವಂಥದಲ್ಲ. ಕ್ಯಾಲಿಫೋರ್ನಿಯಾದಂತಹ ಭೂಕಂಪ ವಲಯದಲ್ಲಿ ಸರಳಿಲ್ಲದ ಬರಿಯ ಕಲ್ಲಿನ ಗೋಡೆ ಭಾರ ಹೊರಲು ಅನುಮತಿ ದೊರೆಯದು. ಆದ್ದರಿಂದ ಅಲ್ಲಿ ಕಬ್ಬಿಣ ಕಾಂಕ್ರೀಟಿನ ಗೋಡೆ ಅಥವಾ ಚೌಕಟ್ಟು ಎದ್ದು, ಅದರ ಮೇಲೆ ಕಲ್ಲಿನ ಹಲಗೆಯನ್ನೋ ಗಾರೆಯ ಶಿಲ್ಪವನ್ನೋ ಹೊದಿಸುತ್ತಾರೆ. ಹೀಗಾದಾಗ ಶಾಸ್ತ್ರದ ಅಳತೆ ಕಾಂಕ್ರೀಟಿಗೆ ಸಲ್ಲುತ್ತದೆಯೋ ಹೊದಿಕೆಯ ಮುಖಕ್ಕೋ ಎಂಬ ಪ್ರಶ್ನೆ ಏಳುತ್ತದೆ. ಇದನ್ನು ಮೊದಲೇ ಇತ್ಯರ್ಥ ಮಾಡದಿದ್ದರೆ ಆಗುವ ಹಾನಿಯನ್ನು ಒಂದು ಲೆಕ್ಕದಿಂದ ತೋರಿಸುತ್ತೇವೆ.

ಸ್ಥಪತಿಗಳು ಬಳಸುವ ಹಸ್ತಗಳಲ್ಲಿ ಒಂದು 33 ಇಂಚಿನದು. ಅದರಲ್ಲಿ 24 ಅಂಗುಲಗಳು. ಎಂದರೆ ಒಂದು ಅಂಗುಲಕ್ಕೆ ಒಂದೂವರೆ ಇಂಚಿಗಿಂತ ತುಸು ಕಡಿಮೆ, ನಿಖರವಾಗಿ 1.375 ಇಂಚು. ಚೌಕ ಗರ್ಭಗೃಹದ ಹೊರಸುತ್ತು 19 ಹಸ್ತವೆಂದು ಇಟ್ಟುಕೊಳ್ಳೋಣ. ಯೋನಿಯನ್ನು ತಿಳಿಯಲು ಸುತ್ತಳತೆಯನ್ನು 3ರಿಂದ ಗುಣಿಸಿ 8ರಿಂದ ಭಾಗಿಸಬೇಕು: 57ರಲ್ಲಿ ಶೇಷ 1, ಅದು ಧ್ವಜಯೋನಿ, ಶುಭ. ಆಯಕ್ಕೆ 8ರಿಂದ ಗುಣಿಸಿ 12ರಿಂದ ಭಾಗಿಸಿದರೆ ಶೇಷ 8. ವ್ಯಯಕ್ಕೆ 9ರಿಂದ ಗುಣಿಸಿ 10ರಿಂದ ಭಾಗಿಸಿದರೆ ಶೇಷ 1. ಆಯವು ವ್ಯಯಕ್ಕಿಂತ ಹೆಚ್ಚಿರುವುದರಿಂದ ಅಳತೆ ಒಪ್ಪಿತವಾಯಿತು. ನಕ್ಷತ್ರ, ವಾರ, ತಿಥಿಗಳ ಲೆಕ್ಕವೂ ಇದೇ ಬಗೆಯದು. ಗ್ರಂಥದಿಂದ ಗ್ರಂಥಕ್ಕೆ ಗುಣಕಗಳು ಬದಲಾಗುವುದರಿಂದ ಅದನ್ನು ಸ್ಥಪತಿಗೇ ಬಿಡುವುದು ಲೇಸು. 19 ಹಸ್ತದ ಸುತ್ತಿಗೆ ಒಂದೊಂದು ಬದಿ 13 ಅಡಿ ಮುಕ್ಕಾಲು ಇಂಚು ಬರುತ್ತದೆ.

ಈಗ ಗೋಡೆಯ ಹೊರಮೈಗೆ ಕೇವಲ ಒಂದು ಅಂಗುಲ ದಪ್ಪದ ಕಲ್ಲು ಹೊದಿಸಿದರೆಂದು ಭಾವಿಸಿರಿ. ಪ್ರತಿ ಬದಿಯ ಎರಡೂ ತುದಿಗಳಲ್ಲಿ ಒಂದೊಂದು ಅಂಗುಲ, ನಾಲ್ಕು ಬದಿಗೆ ಎಂಟು ಅಂಗುಲ ಸೇರಿತು. ಸುತ್ತಳತೆ 19 ಹಸ್ತ 8 ಅಂಗುಲವಾಯಿತು. 3ರಿಂದ ಗುಣಿಸಿದರೆ 58, ಶೇಷ 2. ಧ್ವಜವಿದ್ದುದು ಧೂಮವಾಯಿತು! ಕಣ್ಣಿಗೆ ಏನೂ ವ್ಯತ್ಯಾಸ ಕಾಣದು, ಎಂಜಿನಿಯರಿಗೆ ಅದು ತಪ್ಪೆಂದೂ ತೋರದು. ನಕ್ಷೆ ಬರೆಯುವವರು ಅಂಕಿಯನ್ನು ದುಂಡಗೆ ಮಾಡಿ 13 ಅಡಿಯೆಂದೋ 4 ಮೀಟರೆಂದೋ ಬರೆದರೂ ಇದೇ ಗತಿ. ಸುತ್ತಿನಲ್ಲಿ ಸುಮಾರು ಮೂರು ಇಂಚು ಹೆಚ್ಚುಕಡಿಮೆಯಾಗಿ ಪೂರ್ಣ ಶೇಷವೇ ಸಿಗುವುದಿಲ್ಲ.

ಆದುದರಿಂದ ಸ್ಥಪತಿಯು ಲೆಕ್ಕ ಹಾಕಿದ್ದು ಒಳಸುತ್ತಿಗೋ ಹೊರಸುತ್ತಿಗೋ, ಹೊದಿಕೆ ಮುಗಿದ ಮುಖಕ್ಕೋ ಎಂಬುದನ್ನು ಬರಹದಲ್ಲಿ ಪಡೆಯಬೇಕು. ಸಂಪ್ರದಾಯಗಳಲ್ಲಿ ಭೇದವಿದೆ; ಯಾವುದಾದರೂ ಒಂದನ್ನು ಹಿಡಿದು ನಿಲ್ಲಬೇಕು. ಹೊರಮುಖವೇ ಪ್ರಮಾಣವಾದರೆ ಆ ಗೆರೆಯನ್ನು ಕದಲಿಸದೆ, ಭೂಕಂಪಕ್ಕಾಗಿ ಗೋಡೆ ಎಷ್ಟು ದಪ್ಪವಾಗಬೇಕೋ ಅಷ್ಟನ್ನೂ ಒಳಗಡೆಗೆ ಬೆಳೆಸಬೇಕೆಂದು ಎಂಜಿನಿಯರಿಗೆ ತಿಳಿಸಬೇಕು. ಸ್ಥಳದಲ್ಲಿ ಅಂಗುಲ ಗುರುತಿಸಿದ ಮರದ ಕೋಲಿನಿಂದಲೇ ಅಳೆಯುವುದು ಒಳ್ಳೆಯದು. ಎರಡು ಕರ್ಣಗಳನ್ನೂ ಅಳೆದು ನೋಡಿರಿ. ಮೇಲಿನ ಉದಾಹರಣೆಯಲ್ಲಿ ಎರಡೂ 18 ಅಡಿ ಐದೂಮುಕ್ಕಾಲು ಇಂಚಿನ ಸಮೀಪ ಬರದಿದ್ದರೆ ಚೌಕ ಓರೆಯಾಗಿದೆ ಎಂದರ್ಥ.

ಸಂಹಿತೆಯ ವಿಚಾರಕ್ಕೆ ಬಂದರೆ, ಅಮೆರಿಕೆಯ ಬಹುತೇಕ ರಾಜ್ಯಗಳು ಇಂಟರ್‌ನ್ಯಾಷನಲ್ ಬಿಲ್ಡಿಂಗ್ ಕೋಡ್ ಅನ್ನು ತಮ್ಮ ತಿದ್ದುಪಡಿಗಳೊಡನೆ ಅನುಸರಿಸುತ್ತವೆ. ಗಾಲಿಕುರ್ಚಿಯ ಭಕ್ತರಿಗೆ ದಾರಿ ಇರಬೇಕೆಂಬುದು ಅದರ ಮುಖ್ಯ ವಿಧಿ. ಗರ್ಭಗೃಹದ ಎತ್ತರದ ಪೀಠವನ್ನು ಇದಕ್ಕಾಗಿ ನೆಲಸಮ ಮಾಡಬೇಕಾಗುತ್ತದೆಂದು ಅನೇಕರು ಅಂಜುತ್ತಾರೆ. ಆ ಅಂಜಿಕೆಗೆ ಕಾರಣವಿಲ್ಲ. ಪೂಜಾಸ್ಥಳದಲ್ಲಿ ಧಾರ್ಮಿಕ ವಿಧಿಗೆಂದೇ ಬಳಸುವ, 300 ಚದರ ಅಡಿಗಿಂತ ಕಿರಿದಾದ, ನೆಲದಿಂದ 7 ಇಂಚು ಅಥವಾ ಹೆಚ್ಚು ಎತ್ತರದ ಜಾಗಕ್ಕೆ ಅದೇ ಸಂಹಿತೆ ವಿನಾಯಿತಿ ಕೊಟ್ಟಿದೆ. ನಮ್ಮ ಉದಾಹರಣೆಯ ಗರ್ಭಗೃಹ ಗೋಡೆ ಸಹಿತ ಸುಮಾರು 170 ಚದರ ಅಡಿ. ಸುಕನಾಸಿಯನ್ನು ಸೇರಿಸಿದರೂ 300ರೊಳಗೆ ನಿಲ್ಲಿಸಲು ಸಾಧ್ಯ. ಈ ವಿನಾಯಿತಿಯನ್ನು ಮೊದಲ ಅರ್ಜಿಯಲ್ಲಿಯೇ ನಮೂದಿಸಬೇಕು.

ಹೊಸ್ತಿಲಿನ ಮಾತು ಬೇರೆ. ಭಕ್ತರು ಓಡಾಡುವ ಬಾಗಿಲಿನಲ್ಲಿ ಹೊಸ್ತಿಲು ಅರ್ಧ ಇಂಚಿಗಿಂತ ಮೇಲೇಳುವಂತಿಲ್ಲ. ಆದ್ದರಿಂದ ಎತ್ತರದ ಹೊಸ್ತಿಲನ್ನು ಗರ್ಭಗೃಹದ ಬಾಗಿಲಿಗಷ್ಟೇ ಉಳಿಸಿಕೊಂಡು, ಮಹಾದ್ವಾರದಲ್ಲಿ ನೆಲಕ್ಕೆ ಹೊಂದಿದ ಕಲ್ಲಿನ ಪಟ್ಟಿಯನ್ನು ಹಾಸಿ ಅದಕ್ಕೇ ಪೂಜೆ ಸಲ್ಲಿಸುವುದು ಯೋಗ್ಯ. ಬಾಗಿಲಿನ ಎತ್ತರ ಅಗಲದ ಎರಡರಷ್ಟಿರಬೇಕೆಂಬ ನಮ್ಮ ವಾಡಿಕೆಗೆ ಮಾತ್ರ ಅಡ್ಡಿಯಿಲ್ಲ. ಸಂಹಿತೆ ಕೇಳುವುದು 80 ಇಂಚು ಎತ್ತರ, ಕನಿಷ್ಠ 32 ಇಂಚು ತೆರವು. 80ಕ್ಕೆ 40 ಇಂಚು ಅಗಲವಿಟ್ಟರೆ ಎರಡೂ ಕಡೆಯವರಿಗೆ ಸಮ್ಮತ.

ಇನ್ನು ನವರಂಗ. 30 ಅಡಿ ಚೌಕದ ಮಂಟಪಕ್ಕೆ ದಿನಾ ಬರುವವರು ನಲವತ್ತೇ ಮಂದಿಯಿರಬಹುದು. ಆದರೆ ಅಧಿಕಾರಿಗಳು ಒಬ್ಬರಿಗೆ 7 ಚದರ ಅಡಿಯಂತೆ ಎಣಿಸಿದರೆ 128 ಮಂದಿ ಆಗುತ್ತಾರೆ. ಐವತ್ತು ಮುಟ್ಟಿದ ಕೂಡಲೇ ಒಂದಕ್ಕೊಂದು ದೂರವಿರುವ ಎರಡು ಬಾಗಿಲು ಬೇಕು, ಅವು ಹೊರಕ್ಕೆ ತೆರೆಯಬೇಕು. ಒಂದೇ ದ್ವಾರದ ಗುಡಿಯನ್ನು ಕಂಡು ಬೆಳೆದ ಹಿರಿಯರಿಗೆ ಇದು ಲೋಪವೆನಿಸೀತು. ಬೇಲೂರಿನ ನವರಂಗಕ್ಕೆ ಪೂರ್ವ, ದಕ್ಷಿಣ, ಉತ್ತರಗಳಲ್ಲಿ ಮೂರು ದ್ವಾರಗಳಿರುವುದನ್ನು ಅವರಿಗೆ ನೆನಪಿಸಬಹುದು. ಎರಡನೆಯ ಬಾಗಿಲನ್ನು ಹಿಂಬದಿಯ ಮೂಲೆಯಲ್ಲಿ ಸಿಕ್ಕಂತೆ ಕೊರೆಯದೆ, ಪಕ್ಕದ ಅಂಕಣದ ನಟ್ಟನಡುವೆ ಇರಿಸಿದರೆ ಕಂಬಗಳ ಲಯ ಕೆಡುವುದಿಲ್ಲ. ಇದನ್ನು ನಕ್ಷೆಯ ಮೊದಲ ಹಾಳೆಯಲ್ಲಿಯೇ ಗುರುತಿಸಬೇಕು. ಕಂಬಗಳು ಎದ್ದ ಮೇಲೆ ಅಂಕಣದ ನಡುವೆ ಅಷ್ಟು ಜಾಗ ಸಿಗುವುದು ಕಷ್ಟ.