ರಮ್ಮಿ: ಬಿಟ್ಟ ಎಲೆಗಳ ಲೆಕ್ಕ ಮತ್ತು ಎದುರಾಳಿಯ ಕೈಯ ಊಹೆ

ಇಸ್ಪೀಟಿನ ರಮ್ಮಿ ಆಟದಲ್ಲಿ ಯಾರು ಯಾವ ಎಲೆ ಬಿಟ್ಟರು, ಯಾರು ಯಾವುದನ್ನು ಎತ್ತಿಕೊಂಡರು ಎಂಬುದನ್ನು ನೆನಪಿಟ್ಟುಕೊಂಡು, ಕಾಣದ ಕೈಯಲ್ಲಿ ಯಾವ ಸೀಕ್ವೆನ್ಸ್ ಅಥವಾ ಸೆಟ್ ಕೂಡುತ್ತಿದೆ ಎಂದು ತರ್ಕಿಸುವ ಕ್ರಮ. ಭಾರತದಲ್ಲಿ ಹೆಚ್ಚು ರೂಢಿಯಲ್ಲಿರುವ 13 ಎಲೆಗಳ ರಮ್ಮಿಯನ್ನು ಆಧಾರವಾಗಿಟ್ಟುಕೊಂಡು ಇಲ್ಲಿ ಅದನ್ನು ವಿವರಿಸಲಾಗಿದೆ. ಆಂಧ್ರಪ್ರದೇಶ ಸರ್ಕಾರ ಮತ್ತು ಕೆ. ಸತ್ಯನಾರಾಯಣ ನಡುವಿನ ಮೊಕದ್ದಮೆಯಲ್ಲಿ (ಎಐಆರ್ 1968) ಸುಪ್ರೀಂ ಕೋರ್ಟು ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಹೇಳಿತು. ಬಿದ್ದ ಎಲೆಗಳನ್ನು ನೆನಪಿಡಬೇಕಾಗುತ್ತದೆ, ಯಾವುದನ್ನು ಹಿಡಿಯಬೇಕು ಯಾವುದನ್ನು ಬಿಡಬೇಕು ಎಂಬುದಕ್ಕೆ ಜಾಣ್ಮೆ ಬೇಕು ಎಂಬುದು ಅದು ಕೊಟ್ಟ ಕಾರಣ.

ಆಟದ ಚೌಕಟ್ಟು

ಎರಡು ಕಟ್ಟು ಎಲೆಗಳನ್ನು ಕಲಸಿ, ಪ್ರತಿಯೊಬ್ಬರಿಗೂ 13 ಎಲೆ ಹಂಚಲಾಗುತ್ತದೆ. ಕಟ್ಟಿಗೊಂದು ಮುದ್ರಿತ ಜೋಕರ್ ಸೇರಿದರೆ ಒಟ್ಟು 106 ಎಲೆಗಳು. ಉಳಿದದ್ದರಲ್ಲಿ ಒಂದೆಲೆಯನ್ನು ತಿರುವಿಟ್ಟರೆ, ಆ ಅಂಕೆಯ ಎಲ್ಲ ಎಲೆಗಳೂ ಆ ಆಟಕ್ಕೆ ಜೋಕರ್ ಆಗುತ್ತವೆ. ತನ್ನ ಸರದಿಯಲ್ಲಿ ಆಟಗಾರ ಮುಚ್ಚಿದ ಕಟ್ಟಿನಿಂದ ಒಂದೆಲೆ ಎಳೆಯುತ್ತಾನೆ, ಇಲ್ಲವೇ ಹಿಂದಿನವರು ಬಿಟ್ಟ ಮೇಲಿನ ಎಲೆಯನ್ನು ಎತ್ತುತ್ತಾನೆ. ಬಳಿಕ ಒಂದೆಲೆ ಬಿಡುತ್ತಾನೆ. ಶೋ ಮಾಡಲು ಕನಿಷ್ಠ ಎರಡು ಸೀಕ್ವೆನ್ಸ್ ಬೇಕು. ಅವುಗಳಲ್ಲಿ ಒಂದು ಜೋಕರ್ ನೆರವಿಲ್ಲದ ಪ್ಯೂರ್ ಸೀಕ್ವೆನ್ಸ್ ಆಗಿರಬೇಕು. ಉಳಿದವು ಸೀಕ್ವೆನ್ಸ್ ಆಗಿರಬಹುದು, ಅಥವಾ ಒಂದೇ ಅಂಕೆಯ ಬೇರೆ ಬೇರೆ ಬಣ್ಣಗಳ ಸೆಟ್ ಆಗಿರಬಹುದು.

ಈ ನಿಯಮಗಳಿಂದ ಎರಡು ಸಂಗತಿ ಹೊರಡುತ್ತವೆ. ಮೊದಲನೆಯದಾಗಿ, ಪ್ರತಿಯೊಂದು ಎಲೆಗೂ ಎರಡು ಪ್ರತಿಗಳಿವೆ. ಒಂದು ಕಣ್ಣಿಗೆ ಬಿದ್ದ ಮಾತ್ರಕ್ಕೆ ಆ ಎಲೆ ಮುಗಿಯಲಿಲ್ಲ. ಎರಡನೆಯದಾಗಿ, ನಾವು ಬಿಟ್ಟ ಎಲೆಯನ್ನು ಎತ್ತುವ ಹಕ್ಕು ಮುಂದಿನ ಸರದಿಯವರಿಗೆ ಮಾತ್ರ. ಆದ್ದರಿಂದ ಎಲ್ಲರ ಕೈಯನ್ನೂ ಸಮನಾಗಿ ಊಹಿಸುತ್ತ ಕೂರಬೇಕಿಲ್ಲ. ಎಲೆ ಬಿಡುವಾಗ ಮುಂದಿನವರ ಕೈ ಮುಖ್ಯ. ಬೇಕಾದ ಎಲೆಗೆ ಕಾಯುವಾಗ ಹಿಂದಿನವರು ಏನು ಬಿಡುತ್ತಾರೆ ಎಂಬುದು ಮುಖ್ಯ.

ಏನನ್ನು ಎಣಿಸಬೇಕು

ಬಿದ್ದ ಎಲೆಗಳನ್ನೆಲ್ಲ ಕ್ರಮವಾಗಿ ಬಾಯಿಪಾಠ ಮಾಡಲು ಹೊರಟವರು ನಾಲ್ಕನೆಯ ಸುತ್ತಿನ ಹೊತ್ತಿಗೆ ಸಾಮಾನ್ಯವಾಗಿ ಜಾಡು ತಪ್ಪುತ್ತಾರೆ. ಎರಡೇ ಗುಂಪುಗಳನ್ನು ಹಿಡಿದರೆ ಸಾಕು: ನಮ್ಮ ಕೈ ಕಾಯುತ್ತಿರುವ ಎಲೆಗಳು, ಮತ್ತು ನಾವು ಬಿಡಬಹುದಾದ ಎಲೆಗಳ ಅಕ್ಕಪಕ್ಕದವು. ಇವುಗಳಲ್ಲಿ ಪ್ರತಿಯೊಂದರ ಎರಡು ಪ್ರತಿಗಳ ಪೈಕಿ ಎಷ್ಟು ಕಂಡಿವೆ ಎಂಬುದನ್ನಷ್ಟೇ ನೆನಪಿಡಬೇಕು. ನಮ್ಮ ಕೈಯಲ್ಲಿರುವ ಪ್ರತಿಯೂ ಕಂಡದ್ದೇ ಎಂದು ಲೆಕ್ಕ.

ಕಾಯುವ ಎಲೆಗಳ ಲೆಕ್ಕ ಸುಲಭ. ಕಳಾವರ್ 10 ಮತ್ತು ಗುಲಾಮ ಕೈಯಲ್ಲಿದ್ದರೆ ಕಳಾವರ್ 9 ಅಥವಾ ರಾಣಿ ಬರಬೇಕು. ಪ್ರತಿಯೊಂದಕ್ಕೂ ಎರಡು ಪ್ರತಿಯಂತೆ ನಾಲ್ಕು ಅವಕಾಶಗಳು. ಕಳಾವರ್ 10 ಮತ್ತು ರಾಣಿ ಹಿಡಿದವರಿಗೆ ನಡುವಿನ ಗುಲಾಮನೇ ಬೇಕು, ಅವಕಾಶ ಎರಡೇ. ನಾಲ್ಕರಲ್ಲಿ ಮೂರು ಬಿದ್ದುಹೋದ ಮೇಲೂ ಆ ಜೋಡಿಯನ್ನು ಹಿಡಿದಿದ್ದರೆ ಅದು ಕೈಗೆ ಭಾರವೇ ಹೊರತು ಆಸರೆಯಲ್ಲ.

ಬಿಡುವ ಎಲೆಯ ಸುರಕ್ಷತೆಯನ್ನು ಅದರ ಪಕ್ಕದ ಎಲೆಗಳಿಂದ ಅಳೆಯಬೇಕು. ಆಟೀನು 8 ಇರುವ ಯಾವ ಪ್ಯೂರ್ ಸೀಕ್ವೆನ್ಸ್‌ಗೂ ಆಟೀನು 7 ಅಥವಾ 9 ಇರಲೇಬೇಕು. ಈ ಎರಡು ಎಲೆಗಳ ನಾಲ್ಕು ಪ್ರತಿಗಳೂ ಕಂಡಿದ್ದರೆ 8ರ ಪ್ಯೂರ್ ಸೀಕ್ವೆನ್ಸ್ ಯಾರ ಕೈಯಲ್ಲೂ ಸಾಧ್ಯವಿಲ್ಲ. ರಾಜನ ವಿಷಯ ಇನ್ನೂ ಸುಲಭ. ಗುಲಾಮ, ರಾಣಿ, ರಾಜ ಇರಲಿ, ರಾಣಿ, ರಾಜ, ಎಕ್ಕ ಇರಲಿ, ಎರಡರಲ್ಲೂ ಅದೇ ಬಣ್ಣದ ರಾಣಿ ಬೇಕು. ಹೀಗಾಗಿ ಒಂದು ಬಣ್ಣದ ಎರಡೂ ರಾಣಿಗಳು ಬಿದ್ದಿದ್ದರೆ ಆ ಬಣ್ಣದ ರಾಜ ಸೆಟ್‌ಗೋ ಜೋಕರ್ ಸೇರಿದ ಸೀಕ್ವೆನ್ಸ್‌ಗೋ ಮಾತ್ರ ಉಪಯೋಗಕ್ಕೆ ಬರುತ್ತಾನೆ.

ತಿರುವಿಟ್ಟ ಜೋಕರ್ ಕೂಡ ಈ ಲೆಕ್ಕವನ್ನು ಬದಲಿಸುತ್ತದೆ. 7 ಜೋಕರ್ ಆದಾಗ, ಕೈಗೆ ಬಂದ 7ನ್ನು ಅದರ ಸ್ವಂತ ಜಾಗಕ್ಕಿಂತ ಬೇರೆ ಜೋಡಣೆಯ ಕೊರತೆ ತುಂಬಲು ಹೆಚ್ಚಿನವರು ಬಳಸುತ್ತಾರೆ. ಹಾಗಾಗಿ 6, 8ರಂಥ ಪಕ್ಕದ ಎಲೆಗಳು ಸೀಕ್ವೆನ್ಸ್‌ಗೆ ಸೇರುವುದು ಕಡಿಮೆಯಾಗಿ, ಅವನ್ನು ಬಿಡುವುದರ ಅಪಾಯ ತಗ್ಗುತ್ತದೆ.

ಎತ್ತಿದ್ದು, ಬಿಟ್ಟಿದ್ದು, ಮುಟ್ಟದೆ ಹೋದದ್ದು

ತೆರೆದ ಎಲೆಯನ್ನು ಎತ್ತುವುದು ಅತ್ಯಂತ ಬಲವಾದ ಸುಳಿವು. ಎತ್ತಿದವರು ತಮ್ಮ ಕೈಯ ಒಂದೆಲೆಯನ್ನು ಎಲ್ಲರಿಗೂ ತೋರಿಸಿದಂತಾಯಿತು; ಅದು ಕೈಯಲ್ಲಿರುವ ಯಾವುದಕ್ಕೋ ಕೂಡಿಕೊಂಡಿರಲೇಬೇಕು. ಆಟೀನು 8 ಎತ್ತಿದರೆ ಸಾಧ್ಯತೆಗಳು ನಾಲ್ಕು: 6-7-8, 7-8-9, 8-9-10, ಅಥವಾ 8ರ ಸೆಟ್. ಇವುಗಳಲ್ಲಿ ಒಂದು ಎಲೆಯ ಜಾಗದಲ್ಲಿ ಜೋಕರ್ ಇರಬಹುದು. ಮುಂದಿನ ಸುತ್ತುಗಳಲ್ಲಿ ಅವರು ಬಿಡುವ ಎಲೆಗಳು ಈ ಪಟ್ಟಿಯಿಂದ ಒಂದೊಂದನ್ನೇ ಅಳಿಸುತ್ತ ಹೋಗುತ್ತವೆ.

ಬಿಟ್ಟ ಎಲೆಗಳೆಲ್ಲ ಒಂದೇ ತೂಕದವಲ್ಲ. ಎಕ್ಕ ಮತ್ತು ಚಿತ್ರದ ಎಲೆಗಳಿಗೆ ತಲಾ 10 ಅಂಕ ದಂಡವಿರುವುದರಿಂದ ಜೊತೆಯಿಲ್ಲದ ರಾಜ, ರಾಣಿಯರನ್ನು ಮೊದಲ ಸುತ್ತುಗಳಲ್ಲಿ ಎಲ್ಲರೂ ಇಳಿಸುತ್ತಾರೆ. ಅದರಿಂದ ಹೆಚ್ಚೇನೂ ತಿಳಿಯದು. 5, 6, 7ರಂಥ ನಡುವಿನ ಎಲೆ ಎರಡೂ ಕಡೆಗೆ ಕೂಡಬಲ್ಲದು. ಅಂಥದ್ದನ್ನು ಬೇಗನೆ ಬಿಟ್ಟವರ ಕೈಯಲ್ಲಿ ಅದೇ ಬಣ್ಣದ ಪಕ್ಕದ ಎಲೆಗಳು ಇರುವ ಸಂಭವ ಕಡಿಮೆ.

ಎಲೆ ಎಲ್ಲಿಂದ ಬಂತು ಎಂಬುದನ್ನೂ ಗಮನಿಸಬೇಕು. ಮುಚ್ಚಿದ ಕಟ್ಟಿನಿಂದ ಎಳೆದದ್ದನ್ನೇ ಒಡನೆ ಬಿಟ್ಟರೆ, ಆ ಎಲೆ ಅವರಿಗೆ ಬೇಡ ಎಂಬುದಷ್ಟೇ ಗೊತ್ತಾಗುತ್ತದೆ. ಎಳೆದದ್ದನ್ನು ಕೈಗೆ ಸೇರಿಸಿ ಬೇರೊಂದನ್ನು ಬಿಟ್ಟರೆ, ಬಿಟ್ಟ ಎಲೆ ಮೊದಲಿನಿಂದಲೂ ಅಲ್ಲಿತ್ತು ಮತ್ತು ಅದಕ್ಕೆ ಜೊತೆ ಸಿಗಲಿಲ್ಲ ಎಂದು ತಿಳಿಯುತ್ತದೆ. ಒಬ್ಬರು ಎರಡು ಮೂರು ಸುತ್ತು ಸತತವಾಗಿ ಎಳೆದದ್ದನ್ನೇ ಬಿಡುತ್ತಿದ್ದರೆ ಅವರ ಕೈ ಬಹುಮಟ್ಟಿಗೆ ಕೂಡಿದೆ, ಒಂದೋ ಎರಡೋ ಎಲೆಗಾಗಿ ಕಾಯುತ್ತಿದ್ದಾರೆ ಎಂದು ತಿಳಿಯಬಹುದು.

ಮುಟ್ಟದೆ ಹೋದ ಎಲೆಗೂ ಅರ್ಥವಿದೆ, ಆದರೆ ಅದು ದುರ್ಬಲ. ನಾವು ಬಿಟ್ಟ ಕಳಾವರ್ 7ನ್ನು ಮುಂದಿನವರು ಎತ್ತದಿದ್ದರೆ ಕಳಾವರ್ 6-8ರಂಥ ಕಾಯುವ ಜೋಡಿ ಆ ಹೊತ್ತಿಗೆ ಅವರಲ್ಲಿ ಇರಲಿಕ್ಕಿಲ್ಲ. ಎರಡು ಸುತ್ತಿನ ಬಳಿಕ ಅದು ಬಂದಿರಬಹುದು.

ಒಂದು ಉದಾಹರಣೆ

ಮೂವರ ಆಟ. ಕಳಾವರ್ 4 ತಿರುವಿ ಬಿದ್ದಿರುವುದರಿಂದ ಎಲ್ಲ 4ಗಳೂ ಜೋಕರ್. ಐದು ಸುತ್ತು ಮುಗಿದಿವೆ. ಆರನೆಯ ಸುತ್ತಿನಲ್ಲಿ ಎಲೆ ಎಳೆದ ಮೇಲೆ ನಮ್ಮ ಕೈಯಲ್ಲಿ ಇಸ್ಪೀಟು 5-6-7ರ ಪ್ಯೂರ್ ಸೀಕ್ವೆನ್ಸ್, ಡೈಮಂಡ್ ಗುಲಾಮ-ರಾಣಿಯ ಜೊತೆ ಒಂದು ಜೋಕರ್, 2ರ ಸೆಟ್, ಮತ್ತು ಕಳಾವರ್ 10-ಗುಲಾಮದ ಜೋಡಿ ಇವೆ. ಉಳಿದ ಬಿಡಿ ಎಲೆಗಳು ಮೂರು: ಆಟೀನು 9, ಡೈಮಂಡ್ 8, ಇಸ್ಪೀಟು ರಾಜ. ಇವುಗಳಲ್ಲಿ ಯಾವುದನ್ನು ಬಿಡಬೇಕು?

ಮುಂದಿನವರ ಆಟ ಹೀಗೆ ಸಾಗಿದೆ. ಮೊದಲ ಸುತ್ತಿನಲ್ಲಿ ಆಟೀನು ರಾಜನನ್ನು, ಎರಡನೆಯದರಲ್ಲಿ ಇಸ್ಪೀಟು ರಾಣಿಯನ್ನು ಬಿಟ್ಟರು. ಮೂರನೆಯದರಲ್ಲಿ ನಾವು ಬಿಟ್ಟ ಆಟೀನು 8ನ್ನು ಎತ್ತಿ, ಕಳಾವರ್ 3 ಬಿಟ್ಟರು. ನಾಲ್ಕನೆಯದರಲ್ಲಿ ಎಳೆದದ್ದನ್ನು ಕೈಗೆ ಸೇರಿಸಿ ಕಳಾವರ್ 8 ಬಿಟ್ಟರು. ಐದನೆಯದರಲ್ಲಿ ಅದೇ ರೀತಿ ಕೈಯೊಳಗಿಂದ ಆಟೀನು 6 ಬಿಟ್ಟರು. ಈ ನಡುವೆ ಮೂರನೆಯ ಆಟಗಾರರು ಇನ್ನೊಂದು ಇಸ್ಪೀಟು ರಾಣಿಯನ್ನು ಬಿಟ್ಟಿದ್ದಾರೆ.

ಕಳಾವರ್ 3 ಜೋಕರ್‌ನ ಪಕ್ಕದ ಎಲೆ. ಅದರಿಂದ ಏನೂ ಹೇಳಲಾಗದು. ಕಳಾವರ್ 8ರ ಮಾತು ಬೇರೆ. 8ರ ಸೆಟ್ ಕೂಡಿಸಲು ಆಟೀನು 8 ಎತ್ತಿದವರು ಕೈಯಲ್ಲಿದ್ದ ಕಳಾವರ್ 8ನ್ನು ಬಿಡುವುದಿಲ್ಲ. ಬಿಟ್ಟಿದ್ದಾರೆಂದರೆ ಅವರು ಹಿಡಿದಿರುವುದು ಆಟೀನಿನ ಸೀಕ್ವೆನ್ಸ್. ಆಟೀನು 6 ಬಿದ್ದದ್ದು 6-7-8ನ್ನು ಅಳಿಸಿತು. ಉಳಿದವು 7-8-9 ಮತ್ತು 8-9-10.

ಈ ಎರಡರಲ್ಲೂ 9 ಇದೆ. ಅಂದರೆ ಒಂದು ಆಟೀನು 9 ಈಗಾಗಲೇ ಅವರಲ್ಲಿರುವ ಸಂಭವ ಹೆಚ್ಚು, ಇನ್ನೊಂದು ನಮ್ಮಲ್ಲಿದೆ. ಒಂದು ಸೀಕ್ವೆನ್ಸ್‌ನಲ್ಲಿ ಒಂದೇ ಎಲೆ ಎರಡು ಸಲ ಬರಲಾರದು. ಹಾಗಾಗಿ ನಮ್ಮ 9 ಅವರಿಗೆ ಬೇಕಾಗಲಿಕ್ಕಿಲ್ಲ. ಅವರ ಸೀಕ್ವೆನ್ಸ್ ಬೆಳೆಯುವುದು ತುದಿಗಳಲ್ಲಿ, ಆದ್ದರಿಂದ ಆಟೀನು 7, 10, ಗುಲಾಮ ಅಪಾಯದ ಎಲೆಗಳು. ಆದರೂ ಒಂದು ಸಂದೇಹ ಉಳಿಯುತ್ತದೆ. ಅವರಲ್ಲಿ 8, 10 ಇದ್ದು ನಡುವೆ ಜೋಕರ್ ಕೂತಿದ್ದರೆ, ನಮ್ಮ 9 ಅವರಿಗೆ ಪ್ಯೂರ್ ಸೀಕ್ವೆನ್ಸ್ ಕೊಟ್ಟು ಜೋಕರ್‌ನ್ನು ಬಿಡುಗಡೆ ಮಾಡುತ್ತದೆ.

ಇಸ್ಪೀಟು ರಾಜನಿಗೆ ಈ ತೊಡಕು ಕಡಿಮೆ. ಎರಡೂ ಇಸ್ಪೀಟು ರಾಣಿಗಳು ಬಿದ್ದಿವೆ. ಪ್ಯೂರ್ ಸೀಕ್ವೆನ್ಸ್ ಸಾಧ್ಯವಿಲ್ಲ. ಮುಂದಿನವರು ಮೊದಲ ಸುತ್ತಿನಲ್ಲೇ ಆಟೀನು ರಾಜನನ್ನು ಬಿಟ್ಟಿದ್ದರಿಂದ ರಾಜರ ಸೆಟ್ ಕೂಡಿಸುತ್ತಿಲ್ಲ ಎನ್ನಬಹುದು. ಸಾಲದ್ದಕ್ಕೆ 10 ಅಂಕದ ಭಾರವೂ ಇಳಿಯುತ್ತದೆ. ಆದ್ದರಿಂದ ಬಿಡಬೇಕಾದದ್ದು ರಾಜ. ಡೈಮಂಡ್ 7 ಮತ್ತು 9ರ ಒಂದೊಂದು ಪ್ರತಿ ಮಾತ್ರ ಕಂಡಿದ್ದರೆ ಡೈಮಂಡ್ 8ನ್ನು ಇನ್ನೂ ಹಿಡಿಯಬೇಕು. ಒಂದು ವೇಳೆ ಅವರು ರಾಜನನ್ನೂ ಎತ್ತಿಕೊಂಡರೆ ಹಳೆಯ ಲೆಕ್ಕವನ್ನು ತಿದ್ದಬೇಕಾಗುತ್ತದೆ. ರಾಜರು ಆಮೇಲೆ ಬಂದಿರಬಹುದು, ಅಥವಾ ಕೈಯಲ್ಲಿ ಜೋಕರ್ ಇರಬಹುದು. ಎರಡನೆಯದು ನಿಜವಾದರೆ ಆಟೀನು 9ರ ಬಗೆಗಿನ ಸಂದೇಹಕ್ಕೂ ಬಲ ಬರುತ್ತದೆ.

ಊಹೆ ಕೆಡುವ ಕಡೆಗಳು

ಗಾಳ ಹಾಕುವುದು ಪಳಗಿದವರ ಸಾಮಾನ್ಯ ಉಪಾಯ. ಇಸ್ಪೀಟು 10-ಗುಲಾಮ ಹಿಡಿದು ಇಸ್ಪೀಟು 9ಕ್ಕೆ ಕಾಯುವವರು ತಮ್ಮಲ್ಲಿರುವ ಡೈಮಂಡ್ 9ನ್ನು ಬಿಡುತ್ತಾರೆ. ಇವರಿಗೆ 9 ಬೇಡವೆಂದು ನಂಬಿದವರು ಇಸ್ಪೀಟು 9ನ್ನು ಇಳಿಸುತ್ತಾರೆ. ಬಿದ್ದ ಎಲೆ ಸೆಟ್‌ನ ಮತ್ತು ತನ್ನದೇ ಬಣ್ಣದ ಸೀಕ್ವೆನ್ಸ್‌ನ ಸಾಧ್ಯತೆಯನ್ನಷ್ಟೇ ತಗ್ಗಿಸುತ್ತದೆ, ಬೇರೆ ಬಣ್ಣದ ಸೀಕ್ವೆನ್ಸ್ ಬಗ್ಗೆ ಏನೂ ಹೇಳುವುದಿಲ್ಲ ಎಂಬುದನ್ನು ಮರೆತವರೇ ಈ ಗಾಳಕ್ಕೆ ಬೀಳುವುದು. ಮೇಲಿನ ಉದಾಹರಣೆಯಲ್ಲಿ ತೀರ್ಮಾನ ಗಟ್ಟಿಯಾದದ್ದು ಎತ್ತಿದ ಒಂದು ಎಲೆ ಮತ್ತು ಬಿಟ್ಟ ಎರಡು ಎಲೆಗಳು ಒಂದೇ ದಿಕ್ಕಿಗೆ ಬೊಟ್ಟು ಮಾಡಿದ್ದರಿಂದ.

ಕೈಯಲ್ಲಿ ಒಂದೇ ಎಲೆಯ ಎರಡು ಪ್ರತಿಗಳಿದ್ದಾಗಲೂ ಲೆಕ್ಕ ತಪ್ಪುತ್ತದೆ. ಆಟೀನು 6 ಎರಡಿದ್ದವರು ಒಂದನ್ನು ಬಿಟ್ಟು, ಇನ್ನೊಂದನ್ನು ಸೀಕ್ವೆನ್ಸ್‌ನಲ್ಲಿ ಇಟ್ಟುಕೊಂಡಿರಬಹುದು. ಮಧ್ಯದಲ್ಲಿ ಡ್ರಾಪ್ ಮಾಡಿದವರ 13 ಎಲೆಗಳು ಯಾರಿಗೂ ಕಾಣದೆ ಆಟದಿಂದ ಹೊರಗೆ ಹೋಗುತ್ತವೆ. ನಾವು ಕಾಯುವ ಎಲೆ ಅಲ್ಲೇ ಸಿಕ್ಕಿಕೊಂಡಿರಲೂಬಹುದು.

ಆಟಗಾರರ ಸಂಖ್ಯೆಯೂ ಒಂದು ಮಿತಿ. ಹಂಚಿ, ಜೋಕರ್ ಮತ್ತು ಮೊದಲ ತೆರೆದ ಎಲೆಯನ್ನು ಇಟ್ಟ ಮೇಲೆ ಮೂವರ ಆಟದಲ್ಲಿ ಮುಚ್ಚಿದ ಕಟ್ಟಿನಲ್ಲಿ 65 ಎಲೆ ಉಳಿದರೆ, ಆರು ಮಂದಿಯ ಆಟದಲ್ಲಿ ಉಳಿಯುವುದು 26 ಮಾತ್ರ. ಎಲ್ಲರೂ ಅದರಿಂದಲೇ ಎಳೆದರೆ ಐದನೆಯ ಸುತ್ತಿನಲ್ಲಿ ಅದು ಬರಿದಾಗುತ್ತದೆ. ಆಗ ಬಿಟ್ಟ ಎಲೆಗಳನ್ನು ಮತ್ತೆ ಕಲಸಿ ಇಡುವುದು ರೂಢಿ. ಅಲ್ಲಿಗೆ ಸತ್ತವೆಂದು ಎಣಿಸಿದ್ದ ಎಲೆಗಳು ಮತ್ತೆ ಜೀವ ಪಡೆಯುತ್ತವೆ. ಇಸ್ಪೀಟು ರಾಣಿಯರು ಮರಳಿದರೆ ಇಸ್ಪೀಟು ರಾಜನೂ ಸುರಕ್ಷಿತನಲ್ಲ. ಆದರೆ ತೆರೆದ ರಾಶಿಯಿಂದ ಎದುರಾಳಿ ಎತ್ತಿಕೊಂಡ ಎಲೆ ಕಲಸಿದ ಮೇಲೂ ಅವರ ಕೈಯಲ್ಲೇ ಇರುತ್ತದೆ. ಆದ್ದರಿಂದ ಹೊಸ ಕಟ್ಟು ಇಟ್ಟಾಗ ಬಿದ್ದ ಎಲೆಗಳ ಎಣಿಕೆಯನ್ನು ಮೊದಲಿನಿಂದ ಶುರು ಮಾಡಬೇಕು, ಎತ್ತಿದ ಎಲೆಗಳ ನೆನಪನ್ನು ಮಾತ್ರ ಹಾಗೆಯೇ ಮುಂದುವರಿಸಬೇಕು.