ಅಸಮಾನುರಾಗವೂ ಸೌಮ್ಯವಾದ ವಿರಾಮವೂ: ದಿಬ್ಬೂರಹಳ್ಳಿಯಂಥ ಊರುಗಳನ್ನು ಕುರಿತ ಒಂದು ವಿವೇಚನೆ

ಇಬ್ಬರ ನಡುವಣ ಸಲುಗೆಯಲ್ಲಿ ಯಾರ ಆಸಕ್ತಿ ಕಡಿಮೆಯೋ ಅವರ ಕೈಯಲ್ಲೇ ಅದರ ಸೂತ್ರವಿರುವುದೆಂದು ಅಮೆರಿಕದ ಸಮಾಜಶಾಸ್ತ್ರಜ್ಞ ವಿಲ್ಲರ್ಡ್ ವಾಲರ್ 1938ರಲ್ಲಿಯೇ ನಿರೂಪಿಸಿದನು. ಆದರೆ ಸೂತ್ರವನ್ನು ಹಿಡಿದವರಿಗೆ ಅದನ್ನು ಬಿಡುವ ಬಗೆಯೂ ತಿಳಿದಿರುವುದೆಂದು ಇದರಿಂದ ಸಿದ್ಧವಾಗದು. ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಲಿದು ನಿರಾಶರಾದವರು ತಮಗೆ ಆಸೆ ಹುಟ್ಟಿಸಲಾಯಿತೆಂದು ನೆನೆದರೆ, ನಿರಾಕರಿಸಿದವರು ತಾವು ಬೇಡವೆಂಬುದನ್ನು ಸ್ಪಷ್ಟಪಡಿಸಿದ್ದೆವೆಂದೇ ನಂಬಿದ್ದರು. ಅಲ್ಲದೆ, ಒಲಿಯುವವನಿಗೆ ಕಾವ್ಯವೂ ಕಥೆಯೂ ನಡೆಯನ್ನು ಕಲಿಸಿಕೊಟ್ಟಿರುವಂತೆ ಒಲ್ಲೆನೆನ್ನುವವನಿಗೆ ಯಾವ ಮೇಲ್ಪಂಕ್ತಿಯೂ ಇಲ್ಲದಿರುವುದು ಅಲ್ಲಿ ಕಂಡುಬಂದಿತು.

ಮಹಾನಗರದಲ್ಲಿ ಈ ಕೊರತೆಯನ್ನು ದೂರವೇ ತುಂಬಿಕೊಡುತ್ತದೆ. ಕರೆಗೆ ಉತ್ತರಿಸದೆ ನಾಲ್ಕು ವಾರ ಕಳೆದರೆ ಇಬ್ಬರ ದಾರಿಗಳೂ ಬೇರೆಯಾಗುತ್ತವೆ. ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿಯಂಥ ಊರಿನಲ್ಲಿ ಹಾಗಲ್ಲ. ಅದೇ ಬಸ್ಸು, ಅದೇ ಹಾಲಿನ ಡೇರಿ, ಅದೇ ಜಾತ್ರೆ. ಮೌನವಾಗಿ ಮರೆಯಾಗಲು ಇಲ್ಲಿ ಮರೆಯೇ ಇಲ್ಲ. ಆದುದರಿಂದ ಬಾಯಿಬಿಟ್ಟು ಹೇಳುವುದೇ ಅನಿವಾರ್ಯವಾಗುತ್ತದೆ, ಮತ್ತು ಕೆಡುವುದೂ ಆ ಹೇಳುವಿಕೆಯಲ್ಲಿಯೇ.

ವಿಚಾರದ ಸೌಕರ್ಯಕ್ಕಾಗಿ ಒಂದು ಕಲ್ಪಿತ ಪ್ರಸಂಗವನ್ನು ಇಟ್ಟುಕೊಳ್ಳೋಣ. ಶಿಡ್ಲಘಟ್ಟದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುವ ಒಬ್ಬ ಹುಡುಗಿಗೂ, ಹಿಪ್ಪುನೇರಳೆ ತೋಟವನ್ನೂ ಹುಳುಮನೆಯನ್ನೂ ನೋಡಿಕೊಳ್ಳುವ ಒಬ್ಬ ಹುಡುಗನಿಗೂ ಫೋನಿನಲ್ಲಿ ಹರಟೆಯ ಸ್ನೇಹ ಬೆಳೆದಿದೆ. ಅವಳಿಗೆ ಅದು ದಾರಿಯ ಬೇಸರ ಕಳೆಯುವ ಮಾತು. ಅವನೋ ಹುಳುಗಳಿಗೆ ಸೊಪ್ಪು ಹಾಕುವ ಹೊತ್ತನ್ನು ಅವಳ ಬಸ್ಸಿನ ಹೊತ್ತಿಗೆ ಹೊಂದಿಸಿಕೊಂಡಿದ್ದಾನೆ. ವಿಷಯವನ್ನರಿತ ಅವಳು ನೋಯಿಸಬಾರದೆಂಬ ಸದುದ್ದೇಶದಿಂದ, "ನಮ್ಮನೇಲಿ ಒಪ್ಪಲ್ಲ" ಎನ್ನುತ್ತಾಳೆ. ನಮ್ಮ ಕಡೆ ಅತ್ಯಂತ ಸುಲಭವಾಗಿ ನಾಲಗೆಗೆ ಬರುವ ನೆಪವಿದು; ನನ್ನ ಎಣಿಕೆಯಲ್ಲಿ ಅತ್ಯಂತ ಅಪಾಯಕರವಾದುದೂ ಇದೇ. ಏಕೆಂದರೆ ಅವನ ಕಿವಿಗೆ ಅದು ನಿರಾಕರಣೆಯಾಗಿ ಬೀಳದೆ, ನಿವಾರಿಸಬಹುದಾದ ಅಡ್ಡಿಯಾಗಿ ಬೀಳುತ್ತದೆ. ಮುಂದಿನ ವಾರ ಅವನ ಸೋದರತ್ತೆ ಅವಳ ಮನೆಯ ಜಗುಲಿಯಲ್ಲಿ ಕುಳಿತು ಮಾತೆತ್ತುತ್ತಾಳೆ. ಇಬ್ಬರಲ್ಲೇ ಮುಗಿಯಬೇಕಾದದ್ದು ಎರಡು ಕುಟುಂಬಗಳ ವ್ಯವಹಾರವಾಗುತ್ತದೆ. "ಪರೀಕ್ಷೆ ಮುಗೀಲಿ" ಎಂಬ ಮಾತಿನ ಫಲವೂ ಇಂಥದೇ. ಪರೀಕ್ಷೆ ಮುಗಿದೇ ಮುಗಿಯುತ್ತದೆಯಷ್ಟೆ.

ಮಹಾಭಾರತದ ಆದಿಪರ್ವದ ಕಚ ದೇವಯಾನಿಯರ ಉಪಾಖ್ಯಾನವನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಬಹುದು. ಮೃತಸಂಜೀವಿನಿಯನ್ನರಸಿ ಶುಕ್ರಾಚಾರ್ಯರಲ್ಲಿಗೆ ಬಂದ ಕಚನು ದೇವತೆಗಳ ಸೂಚನೆಯಂತೆ ದೇವಯಾನಿಯನ್ನು ಹೂವು ಹಣ್ಣುಗಳಿಂದಲೂ ಹಾಡು ಕುಣಿತಗಳಿಂದಲೂ ಒಲಿಸಿಕೊಳ್ಳುತ್ತಾನೆ. ದಾನವರು ಕೊಂದಾಗಲೆಲ್ಲ ಅವಳ ಮೊರೆಯಿಂದಲೇ ಮರುಜೀವ ಪಡೆಯುತ್ತಾನೆ. ಹೊರಡುವ ಗಳಿಗೆಯಲ್ಲಿ ಅವಳು ತನ್ನನ್ನು ವರಿಸೆಂದಾಗ, ಗುರುಪುತ್ರಿಯೆಂಬ ಕಾರಣವನ್ನು ಮುಂದಿಡುತ್ತಾನೆ. ಅವಳು ಅದನ್ನು ಖಂಡಿಸಲು, ನೀನಿದ್ದ ಉದರದಲ್ಲಿ ನಾನೂ ಇದ್ದೆನಾದ್ದರಿಂದ ತಂಗಿಯಾದೆಯೆನ್ನುತ್ತಾನೆ. ತನಗೆ ಮನಸ್ಸಿಲ್ಲವೆಂಬ ಒಂದು ಮಾತನ್ನು ಮಾತ್ರ ಅವನು ಆಡುವುದಿಲ್ಲ. ಧರ್ಮದ ಕಾರಣಕ್ಕೆ ಧರ್ಮದ ಪ್ರತಿವಾದವುಂಟು, ಮನಸ್ಸಿಲ್ಲವೆಂಬುದಕ್ಕೆ ಪ್ರತಿವಾದವಿಲ್ಲ. ವಾದವು ಶಾಪ ಪ್ರತಿಶಾಪಗಳಲ್ಲಿ ಮುಗಿದುದನ್ನು ಎಲ್ಲರೂ ಬಲ್ಲರು.

ಹಾಗಾದರೆ ಆ ಹುಡುಗಿ ಏನೆನ್ನಬೇಕಾಗಿತ್ತು? "ನಿಮ್ಮ ಜೊತೆ ಮಾತಾಡಿದ್ದು ಚೆನ್ನಾಗಿತ್ತು. ನಿಮಗಿರೋಷ್ಟು ಮನಸ್ಸು ನನಗಿಲ್ಲ, ಮುಂದಕ್ಕೂ ಬರೋದಿಲ್ಲ. ಇಲ್ಲಿಗೆ ನಿಲ್ಲಿಸೋಣ." ಇಷ್ಟು ಸಾಕು. ಅವನ ದೋಷಗಳ ಪಟ್ಟಿ ಬೇಡ, ಏಕೆಂದರೆ ದೋಷವನ್ನು ತಿದ್ದಿಕೊಂಡು ಬರುವೆನೆನ್ನುವನು. ಒಡನಾಟವೆಲ್ಲ ಫೋನಿನಲ್ಲೇ ನಡೆದಿದ್ದರೆ ವಿರಾಮವೂ ಫೋನಿನಲ್ಲಿ ನಡೆಯಬಹುದು. ಮುಖಾಮುಖಿಯಾದರೆ ಹಗಲಿನಲ್ಲಿ, ಇಬ್ಬರೂ ಎದ್ದುಹೋಗಬಹುದಾದ ಕಡೆಯಲ್ಲಿ ಆಗಬೇಕೇ ಹೊರತು, ಪಕ್ಕಪಕ್ಕದಲ್ಲಿ ಕುಳಿತೇ ಊರು ಸೇರಬೇಕಾದ ಕಡೆಯ ಬಸ್ಸಿನಲ್ಲಿ ಅಲ್ಲ.

ಹೇಳಿದ ಮೇಲಿನ ಒಂದೆರಡು ತಿಂಗಳು ಹೇಳಿದ ದಿನಕ್ಕಿಂತ ಕಠಿನ. ರಾತ್ರಿ ಹತ್ತಕ್ಕೆ ಕನಿಕರದಿಂದ ಕಳುಹಿಸಿದ ಒಂದು "ಊಟ ಆಯ್ತಾ" ಎಂಬ ಸಂದೇಶ ಅದುವರೆಗಿನ ಸ್ಪಷ್ಟತೆಯನ್ನೆಲ್ಲ ಅಳಿಸಿಹಾಕಬಲ್ಲುದು. ಎಂದೋ ಒಮ್ಮೆ ದೊರೆವ ಪ್ರತಿಫಲವು ಸದಾ ದೊರೆವುದಕ್ಕಿಂತಲೂ ಅಭ್ಯಾಸವನ್ನು ಗಟ್ಟಿಯಾಗಿ ನಿಲ್ಲಿಸುವುದೆಂದು ಫರ್ಸ್ಟರ್ ಮತ್ತು ಸ್ಕಿನ್ನರ್ 1957ರ ತಮ್ಮ ಗ್ರಂಥದಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿದರು. ಮನುಷ್ಯನ ಆಸೆಗೂ ಅದು ಬಹುಮಟ್ಟಿಗೆ ಸಲ್ಲುವುದೆಂದು ನನ್ನ ಅಭಿಪ್ರಾಯ. ಬಸ್ ನಿಲ್ದಾಣದಲ್ಲಿ ಎದುರಾದರೆ ಊರಿನ ಬೇರಾರಿಗಾದರೂ ಸಲ್ಲುವಷ್ಟೇ ನಮಸ್ಕಾರ ಅವನಿಗೂ ಸಲ್ಲಲಿ. ಮಾತು ಅವನಿಗೆ ತಟ್ಟಿಲ್ಲವೆಂಬುದರ ಗುರುತು ಅಳುವೂ ಅಲ್ಲ, ಮುನಿಸೂ ಅಲ್ಲ. ಅವನು ಇನ್ನೂ ಷರತ್ತುಗಳನ್ನು ಕೇಳುತ್ತಿರುವುದು. ಆಗ ಹಿಂದಿನ ಮಾತನ್ನೇ ಹೊಸ ಕಾರಣ ಸೇರಿಸದೆ ಒಮ್ಮೆ ಮರುನುಡಿದು ಸುಮ್ಮನಾಗತಕ್ಕದ್ದು. ಹಿಂಬಾಲಿಸುವುದೋ ಪ್ರಾಣ ಬಿಡುವೆನೆನ್ನುವುದೋ ತೊಡಗಿದರೆ ಸೌಮ್ಯತೆಯ ಎಲ್ಲೆ ಅಲ್ಲಿಗೆ ಮುಗಿಯಿತು. ಮೊದಲನೆಯದಕ್ಕೆ ಮನೆಯ ಹಿರಿಯರೂ ಪೊಲೀಸರೂ ಇದ್ದಾರೆ, ಎರಡನೆಯದಕ್ಕೆ ಅವನ ಆಪ್ತರಿಗೆ ಕೂಡಲೇ ತಿಳಿಸಿ, ಟೆಲಿ ಮಾನಸ್ ಸಹಾಯವಾಣಿ 14416ರ ಸಂಖ್ಯೆಯನ್ನು ಅವರ ಕೈಗೆ ಕೊಡಬೇಕು. ಆ ಶುಶ್ರೂಷೆಯನ್ನು ತಾನೇ ಹೊರಲು ಅವಳು ಮರಳಿ ಹೋಗತಕ್ಕದ್ದಲ್ಲ.