ಮಳೆಗಾಲದಲ್ಲಿ ನಾಯಿ ಆಹಾರದ ಸಂಗ್ರಹಣೆ

ಮಳೆಗಾಲದಲ್ಲಿ ನಾಯಿ ಆಹಾರದ ಸಂಗ್ರಹಣೆ ಎಂದರೆ ಸಾಕುನಾಯಿಗಳಿಗೆ ನೀಡುವ ಒಣ ಆಹಾರ ಮತ್ತು ಮನೆಯಲ್ಲಿ ಬೇಯಿಸಿದ ಆಹಾರಕ್ಕೆ ತೇವದ ಹವೆಯಲ್ಲಿ ಬೂಷ್ಟು ಹಿಡಿಯದಂತೆ ಕಾಪಾಡುವ ಕ್ರಮ. ಈ ಎರಡು ಬಗೆಯ ಆಹಾರಗಳು ಕೆಡುವ ರೀತಿ ಬೇರೆ ಬೇರೆ. ಒಣ ಆಹಾರವನ್ನು ಕೆಡದಂತೆ ಉಳಿಸುವುದು ಅದರ ಶುಷ್ಕತೆ. ಬೇಯಿಸಿದ ಆಹಾರವನ್ನು ಉಳಿಸುವುದು ತಂಪು. ಬೂಷ್ಟು ಉತ್ಪಾದಿಸುವ ಕೆಲವು ವಿಷಗಳು ಕುದಿಸಿದರೂ ನಾಶವಾಗುವುದಿಲ್ಲವಾದ್ದರಿಂದ ಕೆಟ್ಟ ಆಹಾರವನ್ನು ಸರಿಪಡಿಸಲು ಸಾಧ್ಯವಿಲ್ಲ. ಈ ಲೇಖನವು ಮುಖ್ಯವಾಗಿ ಕರ್ನಾಟಕದ ಕರಾವಳಿ ಮತ್ತು ಮಲೆನಾಡಿನ ಮಳೆಗಾಲದ ಹವೆಯನ್ನು ಆಧರಿಸಿದೆ.

## ಬೂಷ್ಟು ಬೆಳೆಯುವ ಕಾರಣ

ಬೂಷ್ಟು ಒಂದು ಬಗೆಯ ಶಿಲೀಂಧ್ರ. ಅದರ ಬೀಜಕಣಗಳು ಗಾಳಿಯಲ್ಲಿ, ಧೂಳಿನಲ್ಲಿ ಹಾಗೂ ಧಾನ್ಯಗಳ ಮೇಲೆ ಸದಾ ಇರುತ್ತವೆ. ಅವು ಮೊಳೆಯಲು ಆಹಾರದಲ್ಲಿ ಬಳಕೆಗೆ ದೊರೆಯುವಂತಹ ನೀರು ಬೇಕು. ಈ ನೀರಿನ ಅಳತೆಗೆ ಜಲ ಸಕ್ರಿಯತೆ ಎನ್ನುತ್ತಾರೆ. ಶುದ್ಧ ನೀರಿಗೆ ಇದರ ಮೌಲ್ಯ 1. ಮೌಲ್ಯವು 0.6ರ ಆಸುಪಾಸಿನಲ್ಲಿದ್ದರೆ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಬೂಷ್ಟು ಬೆಳೆಯುವುದಿಲ್ಲ. ಕೆಲವು ಒಣಸಹಿಷ್ಣು ಬೂಷ್ಟುಗಳು 0.7ರ ಬಳಿ ಬೆಳೆಯತೊಡಗುತ್ತವೆ. ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುವ ಆಸ್ಪರ್ಜಿಲ್ಲಸ್ ಫ್ಲೇವಸ್ ಎಂಬ ಶಿಲೀಂಧ್ರಕ್ಕೆ ಸುಮಾರು 0.8ರಷ್ಟು ಬೇಕಾಗುತ್ತದೆ.

ತೆರೆದಿಟ್ಟ ಆಹಾರವು ಸುತ್ತಲಿನ ಗಾಳಿಯೊಂದಿಗೆ ನಿಧಾನವಾಗಿ ಸಮತೋಲನಕ್ಕೆ ಬರುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 85 ಇದ್ದರೆ ಅದರಲ್ಲಿ ದೀರ್ಘಕಾಲ ತೆರೆದಿಟ್ಟ ಆಹಾರದ ಜಲ ಸಕ್ರಿಯತೆಯೂ 0.85ರ ಕಡೆಗೆ ಏರುತ್ತದೆ. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಂತಹ ಆರ್ದ್ರತೆ ಸಾಮಾನ್ಯ. ಬೇಸಿಗೆಯಲ್ಲಿ ಬಾಯಿ ತೆರೆದಿದ್ದರೂ ತಿಂಗಳುಗಟ್ಟಲೆ ಗರಿಗರಿಯಾಗಿರುವ ಆಹಾರವು ಮಳೆಗಾಲದಲ್ಲಿ ಕೆಲವೇ ದಿನಗಳಲ್ಲಿ ಮೆತ್ತಗಾಗಲು ಇದೇ ಕಾರಣ.

## ಒಣ ಆಹಾರ

ಕಾರ್ಖಾನೆಯಿಂದ ಬರುವ ಒಣ ಆಹಾರದಲ್ಲಿ ಸಾಮಾನ್ಯವಾಗಿ ಶೇ. 10ರ ಆಸುಪಾಸಿನಲ್ಲಿ ತೇವಾಂಶ ಇರುತ್ತದೆ. ಇದು ಎಷ್ಟು ಏರಿದರೆ ಅಪಾಯ ಎಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. 3 ಕಿಲೋಗ್ರಾಂ ಚೀಲದಲ್ಲಿ ಶೇ. 10 ತೇವಾಂಶವಿದ್ದರೆ ಅದರಲ್ಲಿ 300 ಗ್ರಾಂ ನೀರು ಹಾಗೂ 2,700 ಗ್ರಾಂ ಒಣ ಪದಾರ್ಥ ಇರುತ್ತದೆ. ತೇವಾಂಶ ಶೇ. 14ಕ್ಕೆ ಏರಲು ಚೀಲವು ಹೀರಬೇಕಾದ ನೀರು ಸುಮಾರು 140 ಗ್ರಾಂ ಮಾತ್ರ, ಅಂದರೆ ಒಂದು ಲೋಟಕ್ಕಿಂತ ಕಡಿಮೆ. ಈ ನೀರು ಕಣ್ಣಿಗೆ ಕಾಣದಂತೆ ಗಾಳಿಯಿಂದಲೇ ಬಂದು ಸೇರುತ್ತದೆ.

### ಚೀಲದ ಗಾತ್ರ

ದೊಡ್ಡ ಚೀಲದ ಬೆಲೆ ಕಡಿಮೆ ಬೀಳುತ್ತದೆಯಾದರೂ ಅದರ ಬಾಯಿಯನ್ನು ಹೆಚ್ಚು ದಿನ, ಹೆಚ್ಚು ಬಾರಿ ತೆರೆಯಬೇಕಾಗುತ್ತದೆ. 10 ಕಿಲೋಗ್ರಾಂ ತೂಕದ ವಯಸ್ಕ ನಾಯಿಯು ದಿನಕ್ಕೆ ಸುಮಾರು 170 ಗ್ರಾಂ ಒಣ ಆಹಾರ ತಿನ್ನುತ್ತದೆ ಎಂದುಕೊಂಡರೆ, 10 ಕಿಲೋಗ್ರಾಂ ಚೀಲವು 58 ದಿನ ಬರುತ್ತದೆ. ದಿನಕ್ಕೆ ಎರಡು ಬಾರಿ ತೆರೆದರೆ ಅಷ್ಟರಲ್ಲಿ ನೂರಕ್ಕೂ ಹೆಚ್ಚು ಬಾರಿ ತೇವದ ಗಾಳಿ ಒಳಸೇರುತ್ತದೆ. ಅದೇ ನಾಯಿಗೆ 3 ಕಿಲೋಗ್ರಾಂ ಚೀಲ 17 ದಿನಗಳಲ್ಲಿ ಮುಗಿಯುತ್ತದೆ. ಮಳೆಗಾಲದ ನಾಲ್ಕು ತಿಂಗಳು ಎರಡು ಮೂರು ವಾರಗಳಲ್ಲಿ ಮುಗಿಯುವ ಚೀಲವನ್ನು ಕೊಳ್ಳುವುದು ಸುರಕ್ಷಿತ. ತೂಗಿ ಮಾರುವ ಬಿಡಿ ಆಹಾರವು ಅಂಗಡಿಯಲ್ಲಿಯೇ ಎಷ್ಟು ದಿನ ತೆರೆದಿತ್ತು ಎಂಬುದು ತಿಳಿಯದ ಕಾರಣ ಈ ಕಾಲದಲ್ಲಿ ಅದು ಸೂಕ್ತವಲ್ಲ.

### ಇಡುವ ವಿಧಾನ

ಆಹಾರವನ್ನು ಡಬ್ಬಿಗೆ ಸುರಿಯದೆ ಮೂಲ ಚೀಲದ ಸಮೇತ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಬೇಕು. ಚೀಲದ ಒಳಪದರವು ತೇವವನ್ನೂ ಗಾಳಿಯನ್ನೂ ತಡೆಯುವಂತೆ ಮಾಡಿರುತ್ತಾರೆ. ತುಣುಕುಗಳ ಮೇಲ್ಮೈಯಲ್ಲಿ ಸಿಂಪಡಿಸಿದ ಕೊಬ್ಬು ಡಬ್ಬಿಯ ಗೋಡೆಗೆ ಅಂಟಿದರೆ ಅದು ಹಳಸಿ, ಮುಂದೆ ಹಾಕುವ ಹೊಸ ಆಹಾರವನ್ನೂ ಕೆಡಿಸುತ್ತದೆ. ಚೀಲದ ಮೇಲಿನ ಬ್ಯಾಚ್ ಸಂಖ್ಯೆ ಮತ್ತು ದಿನಾಂಕಗಳೂ ಹೀಗೆ ಉಳಿಯುತ್ತವೆ. ಪ್ರತಿ ಬಾರಿ ಆಹಾರ ತೆಗೆದ ಮೇಲೆ ಒಳಗಿನ ಗಾಳಿಯನ್ನು ಒತ್ತಿ ಹೊರಹಾಕಿ, ಚೀಲದ ಬಾಯಿಯನ್ನು ಮಡಚಿ, ಕ್ಲಿಪ್ ಹಾಕಿ, ನಂತರ ಡಬ್ಬಿಯನ್ನು ಮುಚ್ಚಬೇಕು.

ಡಬ್ಬಿಯನ್ನು ನೆಲದ ಮೇಲೆ ನೇರವಾಗಿ ಇಡಬಾರದು. ಮಳೆಗಾಲದಲ್ಲಿ ಸಿಮೆಂಟ್ ಮತ್ತು ಕಲ್ಲಿನ ನೆಲವು ತಣ್ಣಗಿದ್ದು, ಅದಕ್ಕೆ ತಾಗಿದ ತಳದಲ್ಲಿ ಗಾಳಿಯ ಆವಿ ಹನಿಗಟ್ಟುತ್ತದೆ. ಹಲಗೆ ಅಥವಾ ಮಣೆಯ ಮೇಲೆ, ಗೋಡೆಯಿಂದ ತುಸು ದೂರದಲ್ಲಿ ಇಟ್ಟರೆ ಈ ತೊಂದರೆ ತಪ್ಪುತ್ತದೆ. ಸ್ನಾನದ ಮನೆಯ ಪಕ್ಕ, ಪಾತ್ರೆ ತೊಳೆಯುವ ಜಾಗ ಮತ್ತು ಒಲೆಯ ಬಳಿ ಇಡಬಾರದು. ಒಣ ಆಹಾರವನ್ನು ಫ್ರಿಜ್‌ನಲ್ಲಿ ಇಡುವುದೂ ಒಳ್ಳೆಯದಲ್ಲ. ತಣ್ಣಗಿನ ಚೀಲವನ್ನು ಹೊರತೆಗೆದು ತೆರೆದಾಗಲೆಲ್ಲ ತುಣುಕುಗಳ ಮೇಲೆ ಆವಿ ನೀರಾಗಿ ಕೂರುತ್ತದೆ.

ಡಬ್ಬಿಯೊಳಗೆ, ಚೀಲದ ಹೊರಗೆ, ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಡಬಹುದು. ಅವು ಡಬ್ಬಿ ತೆರೆದಾಗ ಒಳಬಂದ ಅಲ್ಪ ತೇವವನ್ನು ಹೀರಬಲ್ಲವೇ ಹೊರತು ಈಗಾಗಲೇ ಮೆತ್ತಗಾದ ಆಹಾರವನ್ನು ಸುರಕ್ಷಿತಗೊಳಿಸಲಾರವು. ಪೊಟ್ಟಣಗಳು ನಾಯಿಗೆ ಸಿಗದಂತೆ ನೋಡಿಕೊಳ್ಳಬೇಕು.

### ಸಾಮಾನ್ಯ ಲೋಪಗಳು

ಒದ್ದೆ ಕೈ ಅಥವಾ ಒದ್ದೆ ಅಳತೆಯ ಪಾತ್ರೆಯನ್ನು ಚೀಲಕ್ಕೆ ಹಾಕುವುದು ಅತ್ಯಂತ ಸಾಮಾನ್ಯ ಲೋಪ. ಒಂದು ಹನಿ ನೀರು ಇಡೀ ಚೀಲದ ತೇವಾಂಶವನ್ನು ಏರಿಸದಿದ್ದರೂ, ಬಿದ್ದ ಜಾಗದಲ್ಲಿ ನಾಲ್ಕಾರು ತುಣುಕುಗಳು ನೆನೆದು ಬೂಷ್ಟಿನ ಗಂಟಾಗುತ್ತದೆ. ಇನ್ನೊಂದು ಲೋಪವೆಂದರೆ ತಳದಲ್ಲಿ ಉಳಿದ ಹಳೆಯ ಆಹಾರದ ಮೇಲೆ ಹೊಸದನ್ನು ಸುರಿಯುವುದು. ಡಬ್ಬಿ ಖಾಲಿಯಾದ ಮೇಲೆ ಸೋಪಿನಿಂದ ತೊಳೆದು, ಪೂರ್ಣ ಒಣಗಿಸಿ ಬಳಸಬೇಕು. ಮಳೆಗಾಲದಲ್ಲಿ ಡಬ್ಬಿ ಒಣಗಲು ಇಡೀ ದಿನ ಬೇಕಾಗುವುದರಿಂದ ಎರಡು ಡಬ್ಬಿಗಳನ್ನು ಸರದಿಯಲ್ಲಿ ಬಳಸುವುದು ಅನುಕೂಲ. ನೀರು, ಹಾಲು ಅಥವಾ ಸಾರು ಬೆರೆಸಿದ ಒಣ ಆಹಾರವು ಒಣ ಆಹಾರವಾಗಿ ಉಳಿಯುವುದಿಲ್ಲ. ನಾಯಿ ತಿನ್ನದೆ ಬಿಟ್ಟರೆ ಎರಡು ಗಂಟೆಯೊಳಗೆ ತೆಗೆದು ತಟ್ಟೆ ತೊಳೆಯಬೇಕು.

## ಮನೆಯಲ್ಲಿ ಬೇಯಿಸಿದ ಆಹಾರ

ಅನ್ನ, ರಾಗಿ ಗಂಜಿ, ಬೇಯಿಸಿದ ಕೋಳಿಮಾಂಸ, ಮೀನು, ಕುಂಬಳಕಾಯಿ ಮುಂತಾದ ಮನೆಯ ಆಹಾರದಲ್ಲಿ ನೀರಿನ ಪಾಲು ಹೆಚ್ಚು. ಇಲ್ಲಿ ತೇವವನ್ನು ತಡೆಯುವ ಪ್ರಶ್ನೆಯೇ ಇಲ್ಲ. ಬೂಷ್ಟು ಕಾಣಿಸಿಕೊಳ್ಳುವ ಮೊದಲೇ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಅನ್ನದಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಉಳಿದು, ಹೊರಗಿಟ್ಟ ಅನ್ನದಲ್ಲಿ ಮೊಳೆಯುತ್ತವೆ. ಅವು ಉತ್ಪಾದಿಸುವ ಒಂದು ವಿಷವು ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಆದ್ದರಿಂದ ಬೇಯಿಸಿದ ಆಹಾರವನ್ನು ಎರಡು ಗಂಟೆಯೊಳಗೆ ತಣಿಸಿ ಫ್ರಿಜ್‌ಗೆ ಸೇರಿಸಬೇಕು. ಆಳವಾದ ಪಾತ್ರೆಯಲ್ಲಿ ಬಿಟ್ಟ ಅನ್ನದ ನಡುಭಾಗ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಅಗಲವಾದ ತಟ್ಟೆಯಲ್ಲಿ ತೆಳುವಾಗಿ ಹರಡಿ, ಸ್ವಚ್ಛವಾದ ಜಾಲರಿ ಮುಚ್ಚಿದರೆ ಅದು ಬೇಗ ಆರುತ್ತದೆ. ಬಿಸಿ ಆಹಾರವನ್ನು ಡಬ್ಬಿಗೆ ಹಾಕಿ ಮುಚ್ಚಿದರೆ ಆವಿಯು ಮುಚ್ಚಳದಲ್ಲಿ ಹನಿಗಟ್ಟಿ ಆಹಾರದ ಮೇಲೆ ಬೀಳುತ್ತದೆ. ಬೂಷ್ಟು ಮೊದಲು ಕಾಣಿಸುವುದು ಹೆಚ್ಚಾಗಿ ಈ ಒದ್ದೆ ಮೇಲ್ಪದರದಲ್ಲಿಯೇ.

4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ತಂಪಾದ ಫ್ರಿಜ್‌ನಲ್ಲಿ ಆಹಾರವು ಮೂರು ದಿನ ಉಳಿಯುತ್ತದೆ. ತಂಪು ಬೂಷ್ಟನ್ನು ನಿಧಾನಗೊಳಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಪೆನಿಸಿಲಿಯಂ ಜಾತಿಯ ಬೂಷ್ಟುಗಳು ಫ್ರಿಜ್‌ನಲ್ಲಿಯೂ ಬೆಳೆಯುತ್ತವೆ. ಭಾನುವಾರ ಆರು ದಿನಗಳ ಆಹಾರ ಬೇಯಿಸುವ ಮನೆಯಲ್ಲಿ ಅದನ್ನು ದಿನಕ್ಕೊಂದರಂತೆ ಆರು ಚಿಕ್ಕ ಡಬ್ಬಿಗಳಿಗೆ ಹಂಚಿ, ಮೂರನ್ನು ಫ್ರಿಜ್‌ನಲ್ಲಿ, ಮೂರನ್ನು ಫ್ರೀಜರ್‌ನಲ್ಲಿ ಇಡಬಹುದು. ಮಂಗಳವಾರ ರಾತ್ರಿ ಒಂದು ಡಬ್ಬಿಯನ್ನು ಫ್ರೀಜರ್‌ನಿಂದ ಫ್ರಿಜ್‌ಗೆ ಇಳಿಸಿದರೆ ಬುಧವಾರಕ್ಕೆ ಕರಗಿರುತ್ತದೆ. ಒಂದೇ ದೊಡ್ಡ ಪಾತ್ರೆಯಿಂದ ದಿನವೂ ತೆಗೆದರೆ ಚಮಚದೊಂದಿಗೆ ಹೊಸ ಬೀಜಕಣಗಳು ಸೇರುತ್ತವೆ.

ಮಲೆನಾಡಿನಲ್ಲಿ ಮಳೆಗಾಳಿಗೆ ವಿದ್ಯುತ್ ಹೋಗುವುದು ಸಾಮಾನ್ಯ. ಬಾಗಿಲು ತೆರೆಯದ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪಾಗಿರುತ್ತದೆ. ಅದಕ್ಕೂ ಹೆಚ್ಚು ಕಾಲ ವಿದ್ಯುತ್ ಇಲ್ಲದಿದ್ದರೆ ಮಾಂಸ ಬೆರೆತ ಆಹಾರವನ್ನು ಎಸೆಯಬೇಕು. ವಿದ್ಯುತ್ ಖಚಿತವಿಲ್ಲದ ಊರಿನಲ್ಲಿ ಒಂದು ಹೊತ್ತಿಗೆ ಬೇಕಾದಷ್ಟನ್ನೇ ಬೇಯಿಸುವುದು ಉತ್ತಮ.

## ಕೆಟ್ಟಿರುವುದರ ಲಕ್ಷಣಗಳು

ಒಣ ಆಹಾರದಲ್ಲಿ ಮೊದಲ ಸೂಚನೆ ಬಣ್ಣವಲ್ಲ, ಗರಿಗರಿ ಕಡಿಮೆಯಾಗುವುದು. ಬೆರಳಿನಿಂದ ಮುರಿದಾಗ ಸದ್ದಿಲ್ಲದೆ ಬಾಗುವ, ಒಂದಕ್ಕೊಂದು ಅಂಟಿದ ತುಣುಕುಗಳು ತೇವ ಹೀರಿರುತ್ತವೆ. ಹೊಸ ಚೀಲ ತೆರೆದ ದಿನ ಹತ್ತು ತುಣುಕುಗಳನ್ನು ಬಿಗಿ ಮುಚ್ಚಳದ ಚಿಕ್ಕ ಗಾಜಿನ ಶೀಶೆಯಲ್ಲಿ ತೆಗೆದಿಟ್ಟರೆ ನಂತರ ಹೋಲಿಸಿ ನೋಡಲು ಸುಲಭ. ಮುಗ್ಗಲು ವಾಸನೆ, ಬಿಳಿ, ಹಸಿರು ಅಥವಾ ಕಪ್ಪು ನವಿರು ನಂತರದ ಹಂತದ ಲಕ್ಷಣಗಳು.

ಬೂಷ್ಟು ಕಂಡ ಭಾಗವನ್ನು ಮಾತ್ರ ತೆಗೆದು ಉಳಿದುದನ್ನು ಬಳಸಬಾರದು. ಶಿಲೀಂಧ್ರದ ಎಳೆಗಳೂ ವಿಷವೂ ಕಾಣುವ ಕಲೆಯಿಂದಾಚೆಗೆ ಹಬ್ಬಿರಬಹುದು. ಬಿಸಿಲಿಗೆ ಹಾಕುವುದು ಅಥವಾ ಬಾಣಲೆಯಲ್ಲಿ ಹುರಿಯುವುದರಿಂದ ತೇವ ಹೋಗಿ ಬೂಷ್ಟು ಸತ್ತರೂ ಅಫ್ಲಾಟಾಕ್ಸಿನ್ ಉಳಿಯುತ್ತದೆ. ಎಸೆಯುವಾಗ ಬೀದಿನಾಯಿ, ದನ, ಕೋಳಿಗಳಿಗೆ ಸಿಗದಂತೆ ಕಟ್ಟಿ ಎಸೆಯಬೇಕು.

## ನಾಯಿಗಳ ಮೇಲೆ ಪರಿಣಾಮ

ಅಫ್ಲಾಟಾಕ್ಸಿನ್ ಯಕೃತ್ತಿಗೆ ಹಾನಿ ಮಾಡುತ್ತದೆ. ನಾಯಿಗಳು ಇದಕ್ಕೆ ಬೇಗ ತುತ್ತಾಗುವ ಪ್ರಾಣಿಗಳಲ್ಲಿ ಸೇರಿವೆ. ಅವು ಅದೇ ಆಹಾರವನ್ನು ದಿನವೂ ತಿನ್ನುವುದರಿಂದ ಅಲ್ಪ ಪ್ರಮಾಣವೂ ಸಂಚಯಿತ ಹಾನಿ ಉಂಟುಮಾಡಬಲ್ಲದು. ಆಹಾರ ಬಿಡುವುದು, ಮಂಕಾಗಿ ಮಲಗುವುದು, ವಾಂತಿ, ರಕ್ತಮಿಶ್ರಿತ ಭೇದಿ, ಕಣ್ಣು ಮತ್ತು ಒಸಡು ಹಳದಿಯಾಗುವುದು ಇದರ ಲಕ್ಷಣಗಳು. ಬೂಷ್ಟು ಹಿಡಿದ ಹಳೆಯ ಅಡುಗೆ ತಿಂದಾಗ ಕಾಣುವ ವಿಷಬಾಧೆ ಬೇರೆ ಬಗೆಯದು. ಪೆನಿಸಿಲಿಯಂ ಉತ್ಪಾದಿಸುವ ಕೆಲವು ನರವಿಷಗಳಿಂದ ಕೆಲವೇ ಗಂಟೆಗಳಲ್ಲಿ ನಡುಕ, ತೂರಾಟ ಮತ್ತು ಸೆಳವು ಉಂಟಾಗುತ್ತವೆ. ಎರಡೂ ಸಂದರ್ಭಗಳಲ್ಲಿ ಆ ಆಹಾರವನ್ನು ನಿಲ್ಲಿಸಿ ತಕ್ಷಣ ಪಶುವೈದ್ಯರಲ್ಲಿಗೆ ಕರೆದೊಯ್ಯಬೇಕು. ಆಹಾರದ ಮಾದರಿಯನ್ನೂ ಚೀಲವನ್ನೂ ಜೊತೆಗೆ ಒಯ್ದರೆ ಕಾರಣ ಪತ್ತೆಗೆ ನೆರವಾಗುತ್ತದೆ.

### 1974ರ ಪ್ರಕರಣ

1974ರಲ್ಲಿ ರಾಜಸ್ಥಾನದ ಬಾಂಸ್ವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳ ಹಳ್ಳಿಗಳಲ್ಲಿ ಮಳೆಗೆ ನೆನೆದು, ಸರಿಯಾಗಿ ಒಣಗದೆ ಸಂಗ್ರಹಿಸಲ್ಪಟ್ಟ ಮೆಕ್ಕೆಜೋಳದಲ್ಲಿ ಅಫ್ಲಾಟಾಕ್ಸಿನ್ ಉಂಟಾಯಿತು. ಅದನ್ನು ತಿಂದವರಲ್ಲಿ 397 ಜನ ಕಾಮಾಲೆ ಮತ್ತು ಹೊಟ್ಟೆಯಲ್ಲಿ ನೀರು ತುಂಬುವ ರೋಗಕ್ಕೆ ತುತ್ತಾದರು. 106 ಜನ ಸತ್ತರು. ಮನೆಯವರ ಆಹಾರವನ್ನೇ ತಿನ್ನುತ್ತಿದ್ದ ಹಳ್ಳಿಯ ನಾಯಿಗಳಲ್ಲಿಯೂ ಇವೇ ಲಕ್ಷಣಗಳು ಕಂಡುಬಂದು ಅವೂ ಸತ್ತವು. ಬೂಷ್ಟು ಹಿಡಿದ ಧಾನ್ಯವನ್ನು ನಾಯಿಗಾಗಿ ಬೇಯಿಸುವುದು ಏಕೆ ಸಲ್ಲದು ಎಂಬುದಕ್ಕೆ ಈ ಘಟನೆ ಉದಾಹರಣೆಯಾಗಿದೆ.

## ಮಿತಿಗಳು

ಮನೆಯ ಎಚ್ಚರಿಕೆಯು ಚೀಲ ತೆರೆದ ನಂತರ ಬೆಳೆಯುವ ಬೂಷ್ಟನ್ನು ಮಾತ್ರ ತಡೆಯಬಲ್ಲದು. ಕಚ್ಚಾ ಧಾನ್ಯದಲ್ಲಿಯೇ ವಿಷವಿದ್ದರೆ ಆಹಾರವು ನೋಡಲು, ಮೂಸಲು ಸರಿಯಾಗಿಯೇ ಇರಬಹುದು. ಅದನ್ನು ಪ್ರಯೋಗಾಲಯದ ಪರೀಕ್ಷೆಯಿಂದ ಮಾತ್ರ ತಿಳಿಯಬಹುದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಸಾಕುಪ್ರಾಣಿಗಳ ಆಹಾರದಲ್ಲಿ ಕಿಲೋಗ್ರಾಂಗೆ 20 ಮೈಕ್ರೋಗ್ರಾಂ ಅಫ್ಲಾಟಾಕ್ಸಿನ್ ಅನ್ನು ಕ್ರಮ ಕೈಗೊಳ್ಳುವ ಮಟ್ಟವೆಂದು ಪರಿಗಣಿಸುತ್ತದೆ. 2020ರ ಡಿಸೆಂಬರ್‌ನಲ್ಲಿ ಅಲ್ಲಿ ಈ ಮಟ್ಟ ಮೀರಿದ ಒಣ ಆಹಾರದಿಂದ ನಾಯಿಗಳು ಸತ್ತ ವರದಿಗಳು ಬಂದಾಗ, ಹಿಂಪಡೆಯಬೇಕಾದ ಚೀಲಗಳನ್ನು ಗುರುತಿಸಿದ್ದು ಅವುಗಳ ಮೇಲಿನ ಬ್ಯಾಚ್ ವಿವರದಿಂದಲೇ. ಆಹಾರ ಮುಗಿಯುವವರೆಗೆ ಮೂಲ ಚೀಲವನ್ನು ಉಳಿಸಿಕೊಳ್ಳಬೇಕೆನ್ನಲು ಇದೂ ಒಂದು ಕಾರಣ.